ವರ್ತನೆ ಮನೆಗಳು

ಜೂನ್ 3ರ ಬೆಳಿಗ್ಗೆ ಬಂದ ಮಿಂಚಂಚೆಯಲ್ಲಿ ಎರಡೇ ಸಾಲಿತ್ತು. ಕನ್ನಡ ಅನುವಾದದ ಕೆಲಸವನ್ನೆಲ್ಲ ಈ ತಿಂಗಳಿಂದ ಬೇರೆಯವರಿಗೆ ಕೊಡುತ್ತಿದ್ದೇವೆ, ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ. ಆರು ವರ್ಷ ನನಗೆ ಕೆಲಸ ಕೊಟ್ಟ ಸಂಸ್ಥೆ ಅದು. ತಿಂಗಳಿಗೆ ನಾನು ದುಡಿಯುತ್ತಿದ್ದ ಸುಮಾರು 58,000 ರೂಪಾಯಿಯಲ್ಲಿ 42,000 ಅಲ್ಲಿಂದಲೇ ಬರುತ್ತಿತ್ತು. ‘ನಾನು ಯಾರ ಕೈಕೆಳಗೂ ಇಲ್ಲ’ ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದವನು ನಾನು. ಅಂದು ಲೆಕ್ಕ ಹಾಕಿದಾಗ ತಿಳಿಯಿತು, ಇಷ್ಟು ದಿನ ಒಬ್ಬ ಧಣಿಯ ಹತ್ತಿರ, ಪಿಎಫ್ಫೂ ಇಲ್ಲದೆ, ರಜೆಯೂ ಇಲ್ಲದೆ ನೌಕರಿ ಮಾಡುತ್ತಿದ್ದೆ.

ವಿಚಿತ್ರವೆಂದರೆ ಜೂನ್ ತಿಂಗಳು ಮನೆಯಲ್ಲಿ ಏನೂ ಬದಲಾಗಲಿಲ್ಲ. ಆ ಸಂಸ್ಥೆ ಬಿಲ್ ಕೊಟ್ಟ 60 ದಿನಕ್ಕೆ ಹಣ ಹಾಕುತ್ತಿತ್ತು. ಏಪ್ರಿಲ್ ಕೆಲಸದ ದುಡ್ಡು ಜೂನ್ ಕೊನೆಗೆ, ಮೇ ತಿಂಗಳದ್ದು ಜುಲೈ ಕೊನೆಗೆ ಬಂತು. ಕೆಲಸ ಸತ್ತ ಮೇಲೂ ಸಂಬಳ ಬದುಕಿರುವ ಈ ಎರಡು ತಿಂಗಳೇ ನಮ್ಮಂಥವರಿಗೆ ಅಪಾಯ. ಖಾತೆ ನೋಡಿಕೊಂಡು ನಿರಾಳವಾಗಿದ್ದರೆ ಆಗಸ್ಟಿನಲ್ಲಿ ಕಾಲಕೆಳಗಿನ ನೆಲ ಕುಸಿಯುತ್ತದೆ. ಹೊಸಬರಿಂದ ದುಡ್ಡು ಬರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. (2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಉದ್ಯಮಿಗೆ, ಕರಾರಿನಲ್ಲಿ ಏನೇ ಇದ್ದರೂ, 45 ದಿನದೊಳಗೆ ಪಾವತಿಯಾಗಬೇಕು. ‘ಉದ್ಯಮ್’ ನೋಂದಣಿಗೆ ಕಾಸು ಖರ್ಚಿಲ್ಲ. ಆರು ವರ್ಷದಲ್ಲಿ ಅದನ್ನೂ ಮಾಡಿಸಿರಲಿಲ್ಲ.)

ಮೊದಲ ವಾರ ಸಿಟ್ಟಿನಲ್ಲೇ ಕಳೆಯಿತು. ಎರಡನೇ ವಾರ ಇನ್ನೊಂದು ಏಜೆನ್ಸಿಯಿಂದ ಕರೆ. ರಾಶಿ ಕೆಲಸವಿದೆ, ಪದಕ್ಕೆ 70 ಪೈಸೆ. ನನ್ನ ದರ ಒಂದೂವರೆ ರೂಪಾಯಿ. ಒಪ್ಪಿಕೊಳ್ಳಬೇಕೆಂದು ಜೀವ ಎಳೆಯಿತು, ಸುಳ್ಳೇಕೆ? ಆದರೆ ದಿನಕ್ಕೆ ನಾನು ಚೆನ್ನಾಗಿ ಮಾಡಬಲ್ಲದ್ದು 2,000 ಪದ. ಹಳೆಯ ದರದಲ್ಲಿ 42,000ಕ್ಕೆ 14 ದಿನ ಸಾಕಿತ್ತು. ಈ ದರದಲ್ಲಿ 30 ದಿನ ಬೇಕು. ಅಂದರೆ ತಿಂಗಳಲ್ಲಿ ಬೇರೊಬ್ಬರಿಗೆ ಪತ್ರ ಬರೆಯಲು ಒಂದು ದಿನವೂ ಉಳಿಯುವುದಿಲ್ಲ. ಅಗ್ಗದ ಕೆಲಸ ಕಿಸೆಗಿಂತ ಹೆಚ್ಚಾಗಿ ಹಗಲನ್ನು ತಿನ್ನುತ್ತದೆ. ಮನೆ ಖರ್ಚು 40,000, ಉಳಿತಾಯ 1,20,000, ಇತರ ಸಣ್ಣ ಕೆಲಸಗಳಿಂದ 16,000. ಆಗಸ್ಟಿನಿಂದ ತಿಂಗಳಿಗೆ 24,000 ಕೊರತೆ ಬಿದ್ದರೂ ಐದು ತಿಂಗಳು ತಳ್ಳಬಹುದು. ಆಗುವುದಿಲ್ಲ ಎಂದೆ.

ನಮ್ಮ ಬೀದಿಯಲ್ಲಿ ವರ್ತನೆ ಹೂವು ಹಾಕುವ ಅಜ್ಜಿಯೊಬ್ಬರಿದ್ದಾರೆ. ಅರ್ಧ ಮೊಳ ಕೊಳ್ಳುವ ಮನೆಯನ್ನೂ ಅವರು ಬಿಟ್ಟವರಲ್ಲ. ದೊಡ್ಡ ಮದುವೆಯ ಹಾರದ ಕೆಲಸ ಬಂದ ದಿನವೂ ವರ್ತನೆ ಮನೆಗಳನ್ನು ಮುಗಿಸಿಯೇ ಹೋಗುತ್ತಾರೆ. ನಾನು ಮಾಡಿದ್ದು ಅದರ ತದ್ವಿರುದ್ಧ. ಸಣ್ಣ ಪ್ರಕಾಶಕರೊಬ್ಬರು ಮೂರು ಸಲ ಕೇಳಿದಾಗಲೂ ‘ಕೈತುಂಬಾ ಕೆಲಸ ಸರ್’ ಎಂದಿದ್ದೆ. ಆ ಮಾತು ಹೇಳುವಾಗಿನ ಖುಷಿ ಈಗಲೂ ನೆನಪಿದೆ, ನಾಚಿಕೆಯಾಗುತ್ತದೆ.

ಹಳೆಯ ಬಿಲ್ಲುಗಳನ್ನೂ ಫೋನನ್ನೂ ತಡಕಿ 31 ಹೆಸರು ಬರೆದುಕೊಂಡೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ: ಬರೆದದ್ದು, ಉತ್ತರ ಬಂದದ್ದು, ಮಾದರಿ ಕೇಳಿದ್ದು, ಕೆಲಸ ಕೊಟ್ಟಿದ್ದು. ವೃತ್ತಿಯವರು ಪೈಪ್‌ಲೈನ್ ಎನ್ನುವುದು ಇದನ್ನೇ. ‘ಕೆಲಸವಿದ್ದರೆ ತಿಳಿಸಿ’ ಎಂದು ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ಓದುವುದಿಲ್ಲ. ದಿನಕ್ಕೆ ಇಬ್ಬರಿಗೆ, ಅವರವರ ಕನ್ನಡ ಓದಿಯೇ ಬರೆದೆ. ಒಂದು ಪ್ರಯಾಣದ ಆ್ಯಪಿನಲ್ಲಿ ಟಿಕೆಟ್ ಕಾಯ್ದಿರಿಸುವ ಗುಂಡಿಯ ಮೇಲೆ ‘ಪುಸ್ತಕ’ ಎಂದಿತ್ತು! ಆ ಪರದೆಯ ಚಿತ್ರ ತೆಗೆದು, ಅಂಥ ಇನ್ನೂ ನಾಲ್ಕು ತಪ್ಪು ತಿದ್ದಿ ಕಳಿಸಿದೆ. ಮಾದರಿ ಕೇಳಿದವರಿಗೆ 250 ಪದ ಮಾತ್ರ ಪುಕ್ಕಟೆ. ಅದಕ್ಕಿಂತ ಹೆಚ್ಚು ಕೇಳುವವರು ಮಾದರಿ ನೋಡುವುದಿಲ್ಲ, ಕೆಲಸ ಮುಗಿಸಿಕೊಳ್ಳುತ್ತಾರೆ.

ಜುಲೈ ಕೊನೆಗೆ 12 ಉತ್ತರ, ಐದು ಮಾದರಿ, ಒಂದೂ ಕೆಲಸವಿಲ್ಲ. ರಾತ್ರಿ ಎದ್ದು ಕೂತದ್ದುಂಟು. ಆಗಸ್ಟಿನಲ್ಲಿ ಮೂವರು ಬಂದರು. ಆ್ಯಪಿನವರದು 14,000, ಒಂದು ಸ್ವಯಂಸೇವಾ ಸಂಸ್ಥೆಯದು 9,000, ಮೂರನೆಯವರು ಅದೇ ಪ್ರಕಾಶಕರು, 11,000. ‘ಈಗ ಕೈ ಖಾಲಿಯಾಯ್ತೇನ್ರೀ?’ ಎಂದು ನಕ್ಕರು, ಅಷ್ಟೇ. ಹೊಸಬರೆಲ್ಲರಿಂದ ಅರ್ಧ ಮುಂಗಡ, ಉಳಿದದ್ದು 30 ದಿನಕ್ಕೆ. ಹಳೆಯ 16,000 ಸೇರಿ ಆ ತಿಂಗಳ ಬಿಲ್ಲು 50,000. ಮೊದಲಿಗಿಂತ ಎಂಟು ಸಾವಿರ ಕಡಿಮೆ. ಆದರೆ ಒಬ್ಬರು ಕೈಬಿಟ್ಟರೆ ಹೋಗುವುದು ಹೆಚ್ಚೆಂದರೆ 14,000.

ನವೆಂಬರಿನಲ್ಲಿ ಆ ಹಳೆಯ ಸಂಸ್ಥೆಯಿಂದ ಮತ್ತೆ ಪತ್ರ ಬಂತು. ಹೊಸಬರ ಅನುವಾದ ಸರಿಹೋಗುತ್ತಿಲ್ಲವಂತೆ, ಪೂರ್ತಿ ಕೆಲಸ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದರು. ವಾರಕ್ಕೆ ಎರಡು ದಿನ ಕೊಡಬಲ್ಲೆ ಎಂದು ಬರೆದೆ. ಉತ್ತರ ಇನ್ನೂ ಬಂದಿಲ್ಲ.