ವಂದನಾರ್ಪಣೆಯಿಂದ ಹಿಂದಕ್ಕೆ ಎಣಿಸಿ

ಆದಿಕವಿ ಪಂಪನ ಊರೆಂದು ಹೆಸರಾದ ಅಣ್ಣಿಗೇರಿಯಲ್ಲಿ ಅವನ ಕಾವ್ಯದ ಬಗ್ಗೆ ಒಂದು ದಿನದ ವಿಚಾರ ಸಂಕಿರಣ ನಡೆಸಬೇಕು ಎಂದಿಟ್ಟುಕೊಳ್ಳಿ. ಉಪನ್ಯಾಸಕರು ಧಾರವಾಡ, ಗದಗಿನಿಂದ ಬರುತ್ತಾರೆ. ವಿದ್ಯಾರ್ಥಿಗಳು ಬರುವುದು ಶಲವಡಿ, ಭದ್ರಾಪುರದಂಥ ಹಳ್ಳಿಗಳಿಂದ. ಅವರಿಗೆ ಸಂಜೆಯ ಬಸ್ಸು ತಪ್ಪಬಾರದು. ಹೀಗಾಗಿ ವೇಳಾಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಉದ್ಘಾಟನೆಯ ಹೊತ್ತಲ್ಲ, ಮುಗಿಯುವ ಹೊತ್ತು: 4.30.

ಅಲ್ಲಿಂದ ಹಿಂದಕ್ಕೆ ಬನ್ನಿ. ಪ್ರಮಾಣಪತ್ರ ಹಂಚಲು 20 ನಿಮಿಷ ಬಿಟ್ಟರೆ ವಂದನಾರ್ಪಣೆ 4.10ಕ್ಕೆ ಮುಗಿಯಬೇಕು, ಸಮಾರೋಪ 3.40ಕ್ಕೆ ಶುರುವಾಗಬೇಕು. ಅದಕ್ಕೂ ಮುಂಚಿನ 15 ನಿಮಿಷ ಚಹಾ ಕುಡಿದು ಸಭಾಂಗಣಕ್ಕೆ ಮರಳಲು. 2.25ರಿಂದ 3.25ರವರೆಗೆ ಎರಡು ಕೊಠಡಿಗಳಲ್ಲಿ ವಿದ್ಯಾರ್ಥಿಗಳ ಪ್ರಬಂಧ, ಒಂದೊಂದರಲ್ಲಿ ನಾಲ್ಕು, ತಲಾ 15 ನಿಮಿಷ. ಊಟ 1.25ರಿಂದ 2.15. ನಡುವಿನ 10 ನಿಮಿಷ ಕೊಠಡಿ ಬದಲಿಸಲು. ಆ ಕೊಠಡಿಗಳ ಮೈಕು, ಪ್ರೊಜೆಕ್ಟರು ಊಟದ ಹೊತ್ತಿನಲ್ಲೇ ಹಚ್ಚಿ ನೋಡಿರಬೇಕು. ಯಾರು ಯಾವ ಕೊಠಡಿಗೆ ಎಂಬ ಚೀಟಿ ಊಟದ ಸಾಲಿನ ಎದುರಿಗೇ ಇರಬೇಕು.

ಬೆಳಿಗ್ಗೆ ಉದ್ಘಾಟನೆ 10ರಿಂದ 10.40. ಆಮೇಲಿನ 10 ನಿಮಿಷಕ್ಕೆ ಯಾವ ಹೆಸರನ್ನೂ ಕೊಡಬೇಡಿ, ಅದು ಕಾದಿಟ್ಟ ಹೊತ್ತು. 10.50ಕ್ಕೆ ಎರಡು ಉಪನ್ಯಾಸ, ಪ್ರತಿಯೊಂದಕ್ಕೂ 25 ನಿಮಿಷ ಮಾತು, 10 ನಿಮಿಷ ಪ್ರಶ್ನೆ. 12ಕ್ಕೆ ಚಹಾ, 12.15ಕ್ಕೆ ಇನ್ನೆರಡು ಉಪನ್ಯಾಸ. 1.25ಕ್ಕೆ ಊಟ.

ಚಹಾಕ್ಕೆ 15 ನಿಮಿಷ ಸಾಕೇ? 120 ಮಂದಿ ಇದ್ದು, ಒಂದೇ ಮೇಜಿನಿಂದ ನಿಮಿಷಕ್ಕೆ 10 ಕಪ್ ಹೊರಟರೆ ಕೊನೆಯವರ ಕೈಗೆ ಚಹಾ ಸಿಗುವುದು 12ನೇ ನಿಮಿಷಕ್ಕೆ. ಅವರು ಕುಡಿದು ಒಳಗೆ ಬರುವಷ್ಟರಲ್ಲಿ ಮುಂದಿನ ಉಪನ್ಯಾಸ ಶುರುವಾಗಿರುತ್ತದೆ. ಎರಡು ಮೇಜು ಇಟ್ಟರೆ ಹಂಚಿಕೆ 6 ನಿಮಿಷಕ್ಕೇ ಮುಗಿಯುತ್ತದೆ.

ದಿನ ತಪ್ಪುವುದು ಹೆಚ್ಚಾಗಿ ಉದ್ಘಾಟನೆಯಲ್ಲೇ. ಅತಿಥಿ ತಡವಾಗಿ ಬರುತ್ತಾರೆ, ವೇದಿಕೆಯ ಪ್ರತಿಯೊಬ್ಬರಿಗೂ ಶಾಲು, ಹಾರ, ಎರಡು ಮಾತು. ಮೊದಲ ಉಪನ್ಯಾಸ 10.50ಕ್ಕೆ ಆರಂಭವಾಗದಿದ್ದರೆ ಕಾದಿಟ್ಟ ಹೊತ್ತು ತೀರಿತೆಂದೇ ಲೆಕ್ಕ. ಆಗ ಸಂಘಟಕರು ಕತ್ತರಿಸುವುದು ಪ್ರಶ್ನೆಯ 10 ನಿಮಿಷವನ್ನು, ಏಕೆಂದರೆ ಅದಕ್ಕೆ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಹಾಗೆ ಮಾಡಿದರೆ ಹಳ್ಳಿಯಿಂದ ಬಂದ ಹುಡುಗಿ ಸಂಜೆತನಕ ಕೇಳಿಸಿಕೊಂಡು, ಒಂದು ಮಾತೂ ಆಡದೆ ಬಸ್ಸು ಹತ್ತುತ್ತಾಳೆ.

ಆದ್ದರಿಂದ ಯಾವುದನ್ನು ಮೊಟಕು ಮಾಡುವುದು ಎಂದು ಮುಂಚಿನ ದಿನವೇ ಒಪ್ಪಿಕೊಳ್ಳಬೇಕು: ಮೊದಲು ಸನ್ಮಾನ, ಆಮೇಲೆ ಅಧ್ಯಕ್ಷೀಯ ಭಾಷಣ, ಕಟ್ಟಕಡೆಗೆ ಪ್ರಶ್ನೆ. ಗಡಿಯಾರ ನೋಡಿ ಐದು ನಿಮಿಷ ಮುಂಚೆ ಚೀಟಿ ಕೊಡುವ ಕೆಲಸ ಒಬ್ಬರಿಗೇ ವಹಿಸಿ, ಆ ಚೀಟಿಗೆ ವೇದಿಕೆಯ ಹಿರಿಯರೂ ತಲೆಬಾಗಲಿ.