ಯಾರೂ ಕಟ್ಟದ ತ್ರಿಕೋನಗಳು

ಆರು ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ಗೂಡುದೀಪವಾಗುತ್ತದೆ. ನಮ್ಮ ಉಡುಪಿ ಕಡೆ ದೀಪಾವಳಿಗೆ ಮನೆಯೆದುರು ತೂಗುಹಾಕುವ ಬಣ್ಣದ ಕಾಗದದ ಗೂಡನ್ನು ಅಪ್ಪ ವರ್ಷವರ್ಷವೂ ಹೀಗೇ ಕಟ್ಟುತ್ತಿದ್ದರು. ಮೈದಾ ಕುದಿಸಿ ಅಂಟು ಮಾಡುವುದು, ಅವರು ದಾರ ಸುತ್ತುವಾಗ ಕಡ್ಡಿ ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಪಾಲಿನ ಕೆಲಸ. ಎಡಿನ್‌ಬರೋಗೆ ಓದಲು ಬಂದ ಮೊದಲ ದೀಪಾವಳಿಗೆ ಹಿಡಿಯುವವಳೂ ಸುತ್ತುವವಳೂ ನಾನೇ ಆದೆ. ಅಷ್ಟು ವರ್ಷ ಕೈಯಲ್ಲೇ ಇದ್ದ ಗೂಡುದೀಪವನ್ನು ಆಗಲೇ ನಾನು ಸರಿಯಾಗಿ ನೋಡಿದ್ದು.

ಬಿದಿರು ಸೀಳಿ ಕೊಡುವವರು ಇಲ್ಲಿಲ್ಲ. ಅಂಗಡಿಯಲ್ಲಿ ಕಬಾಬ್ ಚುಚ್ಚುವ ಬಿದಿರಿನ ಕಡ್ಡಿ ಸಿಕ್ಕಿತು. 30 ಸೆಂಟಿಮೀಟರ್ ಉದ್ದ, ಎಲ್ಲವೂ ಒಂದೇ ಅಳತೆ. ಚೌಕಕ್ಕೆ ನಾಲ್ಕರಂತೆ 24 ಕಡ್ಡಿ ಎಣಿಸಿಟ್ಟು, ಚೂಪು ತುದಿಗಳನ್ನು ಮುರಿದು, ಆರು ಚೌಕ ಕಟ್ಟಿದೆ. ಒಂದನ್ನು ನೆಲದ ಮೇಲಿಟ್ಟು ಅದರ ನಾಲ್ಕು ಮೂಲೆಗೂ ಒಂದೊಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಬಿಗಿದೆ. ನಿಂತ ನಾಲ್ಕನ್ನೂ ಪಕ್ಕದ ಮೂಲೆಗಳಲ್ಲಿ ಒಂದಕ್ಕೊಂದು ಸೇರಿಸಿ, ಕೊನೆಯದನ್ನು ಮೇಲೆ ಮುಚ್ಚಳದಂತೆ ಕೂರಿಸಿ ಕಟ್ಟಿದೆ.

ಕೊನೆಯ ಗಂಟು ಬಿದ್ದಾಗ ನನ್ನ ಕಣ್ಣು ಚೌಕಗಳ ನಡುವಿನ ಜಾಗಕ್ಕೆ ಹೋಯಿತು. ಅಲ್ಲಿ ತ್ರಿಕೋನಗಳಿದ್ದವು. ಎಣಿಸಿದರೆ ಎಂಟು. ಎಂಟಕ್ಕೂ ಮೂರು ಬದಿ ಸಮ, ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಕಟ್ಟಿದ್ದು ಬರೀ ಚೌಕ. ತ್ರಿಕೋನಕ್ಕೆಂದು ಒಂದು ಕಡ್ಡಿಯನ್ನೂ ತೆಗೆದಿಡಲಿಲ್ಲ, ಆದರೂ ಅವು ಬಂದು ಕೂತಿದ್ದವು. ಅಂಟು ಆರುತ್ತಿದ್ದ ಪಾತ್ರೆಯನ್ನು ಮರೆತು ಎಷ್ಟೋ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇನ್ನೂ ಒಂದು ಸಂಗತಿ ಅಳತೆ ಪಟ್ಟಿ ಹಿಡಿದಾಗ ತಿಳಿಯಿತು: ಎದುರುಬದುರು ಮೂಲೆಗಳ ನಡುವೆ 60 ಸೆಂಟಿಮೀಟರ್. ಅಂದರೆ ಗೂಡಿನ ನಡುಬಿಂದುವಿನಿಂದ ಹನ್ನೆರಡು ಮೂಲೆಗೂ ಒಂದು ಕಡ್ಡಿಯಷ್ಟೇ ದೂರ. ದೀಪ ಅಲ್ಲಿದ್ದರೆ ಅದಕ್ಕೆ ಯಾವ ಮೂಲೆಯೂ ಹತ್ತಿರವಲ್ಲ, ಯಾವುದೂ ದೂರವಲ್ಲ.

ಆದರೆ ಗೂಡು ನಿಲ್ಲುತ್ತಿರಲಿಲ್ಲ. ಎದುರುಬದುರಿನ ಎರಡು ತ್ರಿಕೋನಗಳನ್ನು ಅಂಗೈಯಿಂದ ಒತ್ತಿದರೆ ಇಡೀ ಗೂಡು ತಿರುಚಿಕೊಂಡು ಕುಗ್ಗುತ್ತಿತ್ತು, ಚೌಕಗಳೆಲ್ಲ ವಾಲುತ್ತಿದ್ದವು. ಗಂಟು ಸಡಿಲವಾಗಿದೆಯೆಂದು ಮತ್ತೆ ಬಿಗಿದೆ, ಪ್ರಯೋಜನವಾಗಲಿಲ್ಲ. ತ್ರಿಕೋನ ವಾಲುವುದಿಲ್ಲ, ಮೂರು ಬದಿಯ ಉದ್ದ ಬದಲಾಗದೆ ಅದರ ಆಕಾರ ಬದಲಾಗದು. ಚೌಕ ಹಾಗಲ್ಲ. ಅದರ ಕರ್ಣದ ಉದ್ದಕ್ಕೆ ಏನಾದರೂ ಎಳೆದು ಹಿಡಿಯಬೇಕು. ಮೇಲಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಅಡ್ಡದಾರ ಕಟ್ಟಿದೆ, ಬಲ್ಬ್ ತೂಗಲು ಹೇಗೂ ಅದು ಬೇಕಿತ್ತು. ಉಳಿದ ಐದಕ್ಕೆ ಕೆಂಪು ತೆಳುಕಾಗದ ಅಂಟಿಸಿ, ಅಂಟು ಒಣಗಿದ ಮೇಲೆ ಸಣ್ಣಗೆ ನೀರು ಚಿಮುಕಿಸಿದೆ. ಒದ್ದೆಯಾದ ಕಾಗದ ಒಣಗುತ್ತಾ ಬಿಗಿದುಕೊಂಡಿತು. ಬೆರಳಲ್ಲಿ ತಟ್ಟಿದರೆ ಟಪ್ ಎನ್ನುವ ಸದ್ದು. ಈಗ ಒತ್ತಿ ನೋಡಿದರೆ ಗೂಡು ಮಿಸುಕಲಿಲ್ಲ. ಬಿದಿರು ಕಾಗದವನ್ನು ಹೊತ್ತಿದೆ ಎಂದೇ ನಾನು ತಿಳಿದಿದ್ದೆ. ಉಸಿರಿಗೆ ನಡುಗುವ ಆ ಕಾಗದವೇ ಬಿದಿರನ್ನು ನೆಟ್ಟಗೆ ನಿಲ್ಲಿಸಿತ್ತು.

ತ್ರಿಕೋನಗಳಿಗೆ ಹಳದಿ, ಕೆಳಗಿನ ನಾಲ್ಕು ಮೂಲೆಗೆ ಬಿಳಿ ಬಾಲ. ಹಾಸ್ಟೆಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಎಲ್‌ಇಡಿ ಬಲ್ಬನ್ನೇ ಅಡ್ಡದಾರದಿಂದ 21 ಸೆಂಟಿಮೀಟರ್ ಕೆಳಗೆ, ಸರಿಯಾಗಿ ನಡುವಿಗೆ ಇಳಿಬಿಟ್ಟೆ. ಪರದೆಯ ಸರಳಿಗೆ ತೂಗುಹಾಕಿದಾಗ ಸಂಜೆ ನಾಲ್ಕೂವರೆ. ನವೆಂಬರ್ ಆರಂಭದಲ್ಲಿ ಇಲ್ಲಿ ಆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಊರಿನಲ್ಲಿ ರಾತ್ರಿ ಹತ್ತು. ಗಂಟೆ ಎಷ್ಟೇ ಬೇರೆಯಾದರೂ ಅಮಾವಾಸ್ಯೆ ಅಪ್ಪನಿಗೂ ನನಗೂ ಒಂದೇ. ಅಂಗಳದಿಂದ ನೋಡಿದರೂ ನನ್ನ ಕಿಟಕಿಯಿಂದ ನೋಡಿದರೂ ಆ ರಾತ್ರಿ ಚಂದ್ರನಿಲ್ಲ. ಇಲ್ಲಿ ಗಾಳಿಗೆ ಕಿಟಕಿ ತೆರೆಯುವ ಹಾಗಿರಲಿಲ್ಲ, ಆದರೂ ಬಾಲಗಳು ಆಡುತ್ತಿದ್ದವು. ಕೆಳಗಿದ್ದ ಹೀಟರಿನ ಬಿಸಿಗಾಳಿ ಮೇಲೇರುತ್ತಾ ಅವನ್ನು ಆಡಿಸುತ್ತಿತ್ತು.

ಅಪ್ಪನಿಗೆ ಫೋನ್ ಮಾಡಿ ತೋರಿಸಿದೆ.

"ಅಪ್ಪ, ಗೂಡುದೀಪದಲ್ಲಿ ಎಷ್ಟು ತ್ರಿಕೋನ ಇದೆ, ಹೇಳಿ ನೋಡುವ."

"ತ್ರಿಕೋನವಾ? ಅದನ್ನು ನಾವು ಕಟ್ಟುವುದಿಲ್ಲವಲ್ಲ ಮಗಾ. ಚೌಕದ ಮಧ್ಯೆ ಬೀಳುವ ಸಂದು ಅದು," ಎಂದರು. ಆಮೇಲೆ ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಇಳಿದು ತಮ್ಮ ಗೂಡುದೀಪದ ಕೆಳಗೆ ನಿಂತು ಬೆರಳು ಮಡಚತೊಡಗಿದರು. ಕೆಳಗಿನ ನಾಲ್ಕಾದ ಮೇಲೆ ದಾರ ಬಿಚ್ಚಿ ಗೂಡನ್ನು ಕೆಳಗಿಳಿಸಿ ಮೇಲಿನ ನಾಲ್ಕನ್ನೂ ಎಣಿಸಿದರು.

"ಎಂಟು," ಎಂದರು. "ನೋಡು, ಇಷ್ಟು ವರ್ಷ ಎಣಿಸಿಯೇ ಇರಲಿಲ್ಲ. ಸಂದಿಗೆ ಯಾವ ಬಣ್ಣ ಹಾಕಿದ್ದಿ?"

"ಹಳದಿ."

"ನಾನೂ ಹಳದಿಯೇ ಹಾಕಿದ್ದು," ಎಂದು ಹೇಳಿ ದಾರ ಎಳೆದು ಅದನ್ನು ಮತ್ತೆ ಮೇಲೇರಿಸಿದರು.