ದೋಷದ ಬೆಲೆ ಏಕೆ ಏರುತ್ತದೆ?



ಮನೆಗೆ ಸುಣ್ಣ ಬಳಿಸುವಾಗ ಕೂಲಿ ಇಷ್ಟೆಂದು ಮೊದಲೇ ಮಾತಾಗುತ್ತದೆ. ಕೆಲಸ ಕೆಟ್ಟರೆ ಕೂಲಿಯನ್ನು ಕಡಿಮೆ ಮಾಡುತ್ತೇವೆ. ತೀರ ಕೆಟ್ಟರೆ ಬೇರೊಬ್ಬನನ್ನು ಕರೆಯುತ್ತೇವೆ. ಲೋಕದ ಎಲ್ಲ ಕಾಯಕಗಳಿಗೂ ಇದೇ ನ್ಯಾಯ. ಆದರೆ ಶಾಪವನ್ನು ಕಳೆಯುವೆನೆಂದು ಹೇಳಿಕೊಳ್ಳುವವನ ಬಳಿ ಮಾತ್ರ ಈ ನ್ಯಾಯ ತಲೆಕೆಳಗಾಗುತ್ತದೆ. ಅಲ್ಲಿ ಕೆಲಸ ಫಲಿಸದಷ್ಟೂ ಕೂಲಿ ಏರುತ್ತದೆ. ಐನೂರು ರೂಪಾಯಿಗೆ ಹೋಗದ ದೋಷ ಐದು ಸಾವಿರವನ್ನು ಕೇಳುತ್ತದೆ. ಅದಕ್ಕೂ ಹೋಗದೆ ಇಪ್ಪತ್ತು ಸಾವಿರವನ್ನು ಕೇಳುತ್ತದೆ. ಹೀಗಿದ್ದೂ, ಸಂತೆಯಲ್ಲಿ ಒಂದು ರೂಪಾಯಿಗೆ ಚೌಕಾಸಿ ಮಾಡುವ ವಿವೇಕಿಗಳೇ ಅಲ್ಲಿ ಮರುಮಾತಿಲ್ಲದೆ ಹಣ ಎಣಿಸಿಕೊಡುತ್ತಾರೆ. ಇದು ಹೇಗೆ ಸಾಧ್ಯವಾಗುತ್ತದೆ? ಇದರಲ್ಲಿ ತಪ್ಪು ಯಾರದು? ಈ ಎರಡು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ವಿಷಯವನ್ನು ಹತ್ತಿರದಿಂದ ನೋಡಲು ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ಕವಲು ರೈಲುದಾರಿಯ ಕೋರಮಂಡಲ್‌ನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಈ ಮನೆ ಕಲ್ಪಿತವಾದುದು. ಆದರೆ ಅಲ್ಲಿ ನಡೆಯುವ ಕ್ರಮ ಕಲ್ಪಿತವಲ್ಲ. ಮನೆಯ ಯಜಮಾನರು ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ನೆಲದಾಳದಲ್ಲಿ ದುಡಿದವರು. 2001ರ ಫೆಬ್ರವರಿ ಕಡೆಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿದಾಗ ಸಾವಿರಾರು ಜನರೊಡನೆ ಅವರ ಕೆಲಸವೂ ಹೋಯಿತು. ಈಗ ಅವರಿಗೆ ಎಪ್ಪತ್ತು ದಾಟಿದೆ. ಕೆಮ್ಮು ಬಿಡದು, ನಾಲ್ಕು ಹೆಜ್ಜೆ ಏರಿದರೆ ಏದುಸಿರು. ಮಗ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾನೆ. ಅವನ ಕೆಲಸ ಎಂದು ಹೋಗುವುದೋ ತಿಳಿಯದು. ಮಗಳಿಗೆ ಸಂಬಂಧ ಕೂಡಿಬರುತ್ತಿಲ್ಲ. ಇಂತಹ ಮನೆಯ ತಾಯಿ ಒಂದು ದಿನ, ಬಂಗಾರಪೇಟೆಯ ವಸತಿಗೃಹವೊಂದರಲ್ಲಿ ಮೂರು ದಿನ ತಂಗಿರುವುದಾಗಿ ಕರಪತ್ರ ಹಂಚಿಸಿದ ಒಬ್ಬ ಪಂಡಿತನ ಬಳಿಗೆ ಹೋಗುತ್ತಾಳೆ.

ಮೊದಲ ದಿನದ ಕಾಣಿಕೆ 501 ರೂಪಾಯಿ. ಹೊರಗಿನ ಬೆಂಚಿನ ಮೇಲೆ ಕಾಯುವಾಗ ಪಂಡಿತನ ಸಹಾಯಕ ಸಹಾನುಭೂತಿಯಿಂದ ಮಾತನಾಡಿಸಿ ಮನೆಯ ಸಂಕಟಗಳನ್ನು ಕೇಳಿರುತ್ತಾನೆ. ಒಳಗೆ ಹೋದೊಡನೆ ಪಂಡಿತ ಅವನ್ನೇ ಹೇಳುತ್ತಾನೆ. ಉಳಿದುದು ಎಲ್ಲರಿಗೂ ಹೊಂದುವ ಮಾತು: ಮನೆಯಲ್ಲಿ ದುಡ್ಡು ನಿಲ್ಲುವುದಿಲ್ಲ, ಹತ್ತಿರದವರ ಕಣ್ಣು ಬಿದ್ದಿದೆ. ಆಮೇಲೆ ಒಂದು ನಿಂಬೆಹಣ್ಣನ್ನು ಕೊಯ್ಯುತ್ತಾನೆ. ಅದರಿಂದ ರಕ್ತದಂತಹ ಕೆಂಪು ರಸ ಒಸರುತ್ತದೆ. ತಾಯಿ ನಡುಗುತ್ತಾಳೆ. ಚಾಕುವಿಗೆ ಮೊದಲೇ ದಾಸವಾಳದ ಹೂವಿನ ರಸವನ್ನು ಸವರಿ ಒಣಗಿಸಿದರೆ ನಿಂಬೆಯ ಹುಳಿ ತಗುಲಿದಾಗ ಅದು ಕೆಂಪಾಗುವುದೆಂಬುದು ಅವಳಿಗೆ ತಿಳಿಯದು. ಮನೆಗೆ ಮಾಟವಾಗಿದೆಯೆಂಬ ನಿರ್ಣಯವಾಗುತ್ತದೆ.

ಎರಡನೆಯ ಸಲ ತಾಮ್ರದ ತಗಡಿನ ಯಂತ್ರಕ್ಕೂ ತಾಯಿತಗಳಿಗೂ 5,100 ರೂಪಾಯಿ. ಇಪ್ಪತ್ತೊಂದು ದಿನ ಕಾಯಬೇಕು; ಯಾರಿಗೂ ಹೇಳಬಾರದು, ಹೇಳಿದರೆ ಯಂತ್ರದ ಶಕ್ತಿ ಹೋಗುತ್ತದೆ. ಇಪ್ಪತ್ತೊಂದು ದಿನಗಳಾದರೂ ಕೆಮ್ಮು ನಿಲ್ಲುವುದಿಲ್ಲ. ಅಷ್ಟರಲ್ಲಿ ಪಂಡಿತ ಬೇರೆ ಊರಿಗೆ ಹೋಗಿರುತ್ತಾನೆ. ಇನ್ನು ಮಾತೆಲ್ಲ ಫೋನಿನಲ್ಲಿ. ಮಾಟ ತಾನೆಣಿಸಿದ್ದಕ್ಕಿಂತ ಬಲವಾದುದು, ಸ್ಮಶಾನದಲ್ಲಿ ಹೋಮ ಮಾಡಬೇಕು, 21,000 ರೂಪಾಯಿ ಎನ್ನುತ್ತಾನೆ. ಅವಳು ಸಂಘದ ಸಾಲ ತೆಗೆದು ಫೋನಿನ ಮೂಲಕವೇ ಕಳಿಸುತ್ತಾಳೆ. ಹೋಮವನ್ನು ಕಂಡವರಿಲ್ಲ. ಒಂದು ತಿಂಗಳ ಮೇಲೆ ನಾಲ್ಕನೆಯ ಬೇಡಿಕೆ ಬರುತ್ತದೆ: ಅರ್ಧಕ್ಕೆ ನಿಂತ ಕ್ರಿಯೆ ಮಾಡಿಸಿದವರಿಗೇ ತಿರುಗುತ್ತದೆ, ಮಗನ ಪ್ರಾಣಕ್ಕೆ ಅಪಾಯ, ಅಮಾವಾಸ್ಯೆಯೊಳಗೆ 65,000 ಬೇಕು. ಮಗಳ ಮದುವೆಗೆಂದು ಇಟ್ಟಿದ್ದ ಸರ ಗಿರವಿ ಅಂಗಡಿಗೆ ಹೋಗುತ್ತದೆ. ಒಟ್ಟು 91,601 ರೂಪಾಯಿ.

ವಾಚಕರೇ, ಇಲ್ಲಿ ನಿಂತು ಯೋಚಿಸಬೇಕು. ಆ ತಾಯಿಯನ್ನು ಮೊದಲ ದಿನವೇ 91,601 ರೂಪಾಯಿ ಕೇಳಿದ್ದರೆ ಅವಳು ಎದ್ದು ಬರುತ್ತಿದ್ದಳು. ಅವಳು ಮೂಢಳಾಗಿರಲಿಲ್ಲ. ಹಾಗಾದರೆ ಅವಳನ್ನು ನಡೆಸಿದುದು ಯಾವುದು? ಮೊದಲ ಐನೂರನ್ನು ಕೊಡಿಸಿದುದು ಆಸೆ, ಅಥವಾ ಒಂದಿಷ್ಟು ನಂಬಿಕೆ ಎನ್ನೋಣ. ಆದರೆ ಮೂರನೆಯ ಕಂತನ್ನು ಕೊಡಿಸಿದುದು ನಂಬಿಕೆಯಲ್ಲ. ಆ ಹೊತ್ತಿಗೆ ಅವಳ ನಂಬಿಕೆ ಅಲುಗಾಡತೊಡಗಿತ್ತು. ಈಗ ನಿಲ್ಲಿಸಿದರೆ ಹಿಂದೆ ಕೊಟ್ಟುದೆಲ್ಲ ವ್ಯರ್ಥವಾಯಿತೆಂದು ತಾನೇ ಒಪ್ಪಬೇಕಾಗುತ್ತದೆ. ಇನ್ನೊಂದು ಸಲ ಕೊಟ್ಟರೆ ಆ ಒಪ್ಪಿಗೆಯನ್ನು ಮುಂದೂಡಬಹುದು. ಕಳೆದ ಹಣವೇ ಮುಂದಿನ ಹಣವನ್ನು ಎಳೆಯಿತು. ನಾಲ್ಕನೆಯದನ್ನು ಕೊಡಿಸಿದುದಂತೂ ಶುದ್ಧ ಭಯ. ಬೆಲೆ ಏರುವುದರ ಗುಟ್ಟು ಇದೇ. ಪ್ರತಿ ಕಂತೂ ಹಿಂದಿನದರ ಮೂರು, ನಾಲ್ಕು, ಹತ್ತು ಪಟ್ಟಾಗಿರುವುದು ದೋಷದ ಬಲದಿಂದಲ್ಲ, ಸಿಕ್ಕಿಬಿದ್ದವರ ಅಸಹಾಯತೆಯ ಅಳತೆಯಿಂದ.

ಇದರಲ್ಲಿ ಇನ್ನೊಂದು ಕುಟಿಲವಿದೆ. ಕೆಮ್ಮು ಕಡಮೆಯಾದರೆ ಅದು ಪಂಡಿತನ ಮಹಿಮೆ. ಕಡಮೆಯಾಗದಿದ್ದರೆ ಅದು ಮಾಟದ ಬಲಕ್ಕೆ ಸಾಕ್ಷಿ. ಯಾವ ಫಲ ಬಂದರೂ ಸೋಲದಂತಹ ಮಾತನ್ನು ಪರೀಕ್ಷಿಸುವ ಬಗೆ ಇಲ್ಲ. ಪರೀಕ್ಷೆಗೆ ಒಳಪಡದ ಮಾತಿಗೆ ಬೆಲೆ ಕಟ್ಟುವ ಬಗೆಯೂ ಇಲ್ಲ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ಸೀಮೆಯಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿಯನ್ನು ರಚಿಸಿದುದು ಇದೇ ಕಾರಣಕ್ಕೆ. ಆದ್ದರಿಂದ ಯಾರೇ ದೋಷಪರಿಹಾರದ ಮಾತೆತ್ತಲಿ, ಹಣ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: “ಏನಾದರೆ ನಿಮ್ಮ ಕ್ರಿಯೆ ಫಲಿಸಲಿಲ್ಲವೆಂದು ನೀವು ಒಪ್ಪುವಿರಿ?” ಇದಕ್ಕೆ ನೇರ ಉತ್ತರ ಬಾರದಿದ್ದರೆ ಅಲ್ಲಿಂದ ಏಳಬೇಕು.

ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಆ ಯಜಮಾನರ ಕೆಮ್ಮಿಗೆ ಕಾರಣ ಯಾವ ದಾಯಾದಿಯ ಮಾಟವೂ ಆಗಿರಲಾರದು. ಬಂಡೆಯನ್ನು ಕೊರೆದು ಸಿಡಿಸುವಾಗ ಏಳುವ ಸಣ್ಣ ಕಲ್ಲಿನ ಧೂಳು ವರ್ಷಗಟ್ಟಲೆ ಎದೆಯೊಳಗೆ ಸೇರಿ ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕೋಲಾರದ ಗಣಿ ಕೆಲಸಗಾರರಲ್ಲಿ ಇದು ವ್ಯಾಪಕವಾಗಿರುವುದನ್ನು ವೈದ್ಯರು 1940ರ ದಶಕದಲ್ಲೇ ಸಮೀಕ್ಷೆ ಮಾಡಿ ತೋರಿಸಿದ್ದರು. ಗಣಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಇದು ಹೆಚ್ಚಬಹುದು. ಗಡುಸಾದ ಶ್ವಾಸಕೋಶ ಮರಳಿ ಮೊದಲಿನಂತಾಗುವುದಿಲ್ಲ, ನಿಜ. ಆದರೆ ಈ ರೋಗವಿದ್ದವರಿಗೆ ಕ್ಷಯ ಬೇಗ ತಗುಲುತ್ತದೆ. ಕ್ಷಯಕ್ಕೆ ಮದ್ದುಂಟು, ಕಫದ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಇಪ್ಪತ್ತೊಂದು ದಿನ, ಮತ್ತೆ ಒಂದು ತಿಂಗಳು ಎಂದು ಯಂತ್ರ ಹೋಮಗಳಿಗೆ ಕಾಯುವಾಗ ಕಳೆಯುವುದು ಈ ಕಾಲವನ್ನೇ. ಮತ್ತೊಂದು ಕೇಡೆಂದರೆ, “ಹತ್ತಿರದವರು ಮಾಡಿಸಿದ್ದಾರೆ” ಎಂಬ ಒಂದು ಮಾತಿನಿಂದ ತಪ್ಪಿಲ್ಲದ ಓರಗಿತ್ತಿಯೋ ನೆರೆಯವಳೋ ಆ ಮನೆಗೆ ಶತ್ರುವಾಗುತ್ತಾಳೆ. ಗಣಿ ಮುಚ್ಚಿದುದರಿಂದ ಬಂದ ಬಡತನ ಪಕ್ಕದ ಮನೆಯ ಪಾಪವಾಗಿ ತೋರುತ್ತದೆ.

ಪಂಚಾಂಗ ನೋಡಿ ಹೇಳುವವರೆಲ್ಲ ವಂಚಕರೆಂದು ನಾವು ಹೇಳುತ್ತಿಲ್ಲ. ಗೊತ್ತಾದ ದಕ್ಷಿಣೆ ಪಡೆದು, ಹೇಳುವುದನ್ನು ಎಲ್ಲರೆದುರು ಹೇಳಿ ಎದ್ದುಹೋಗುವವನ ಮಾತನ್ನು ಒಪ್ಪದಿರಬಹುದು; ಅವನು ಮನೆಯನ್ನು ಸುಲಿಯುವುದಿಲ್ಲ. ನಾಡಿನ ಕಾನೂನು ಕೂಡ ಈ ಭೇದವನ್ನು ಮಾಡಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಆದ ಕರ್ನಾಟಕದ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಅದು ಜ್ಯೋತಿಷ್ಯದ ಸಲಹೆಯನ್ನು ಅಪರಾಧವೆನ್ನುವುದಿಲ್ಲ. ಆದರೆ ಅದು ಹೆಸರಿಸಿದ ದುಷ್ಟ ಪದ್ಧತಿಗಳಿಗೆ ಒಂದರಿಂದ ಏಳು ವರ್ಷಗಳ ಸೆರೆಯನ್ನು ವಿಧಿಸುತ್ತದೆ. ಹುಸಿ ಭರವಸೆಯಿಂದ ಹಣ ಕೀಳುವುದು ಅದಲ್ಲದೆಯೂ ವಂಚನೆಯ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಇದಕ್ಕೆ ಅನ್ವಯಿಸುತ್ತದೆ.

ಶರಣಧರ್ಮವಾದರೋ ಇನ್ನೂ ಮುಂದೆ ಹೋಗಿದೆ. ಹನ್ನೆರಡನೆಯ ಶತಮಾನದ ಶರಣರು ತಿಥಿ ವಾರ ನಕ್ಷತ್ರಗಳ ಭಯವನ್ನೇ ತಳ್ಳಿಹಾಕಿದರು. ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿದವನಿಗೂ ದೇವರಿಗೂ ನಡುವೆ ದಲ್ಲಾಳಿಗೆ ಎಡೆಯಿಲ್ಲ. ದಾಸೋಹವೆಂಬುದು ಪ್ರತಿಫಲದ ಲೆಕ್ಕವಿಲ್ಲದೆ ಸಂತೋಷದಿಂದ ಕೊಡುವುದು. ಅದನ್ನು ಗುಟ್ಟಾಗಿ ಕೊಡೆಂದು, ಕೊಡದಿದ್ದರೆ ಮಗ ಸಾಯುವನೆಂದು ಯಾರೂ ಹೇಳುವುದಿಲ್ಲ. ಬೆದರಿಸಿ ಕೀಳುವ ಹಣಕ್ಕೆ ಕಾಣಿಕೆಯೆಂಬ ಹೆಸರಿಟ್ಟ ಮಾತ್ರಕ್ಕೆ ಅದು ಕಾಣಿಕೆಯಾಗದು. ಕಾವಿ ಧರಿಸಿದವರು ಕೇಳಿದರೂ ಈ ಮಾತಿಗೆ ವಿನಾಯಿತಿ ಇಲ್ಲ. ಮಠಗಳಿಗೂ ಈ ಅಳತೆಗೋಲೇ ಸಲ್ಲಬೇಕು.

ಇನ್ನು ತಪ್ಪಿನ ಪ್ರಶ್ನೆ. ಮೋಸಹೋದವರನ್ನು ಕಂಡಾಗ “ಅಷ್ಟು ತಿಳಿಯಲಿಲ್ಲವೇ?” ಎಂದು ನಗುವುದು ನಮ್ಮ ವಾಡಿಕೆ. ಆದರೆ ಪಂಡಿತನ ಇಡೀ ವ್ಯಾಪಾರ ನಿಂತಿರುವುದು ಈ ನಗೆಯ ಮೇಲೆಯೇ. ಆ ತಾಯಿ ಎರಡನೆಯ ಕಂತಿನ ಹೊತ್ತಿಗೆ ಗಂಡನಿಗೋ ಮಗನಿಗೋ ಹೇಳಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಮಂತ್ರಶಕ್ತಿ ಹೋದೀತೆಂಬ ಭಯ ಸ್ವಲ್ಪ ಕಾಲ ಅವಳ ಬಾಯಿ ಕಟ್ಟಿತು. ಆಮೇಲೆ ಕಟ್ಟಿದುದು ನಮ್ಮ ನಿಂದೆಯ ಭಯ. ವಂಚಕನ ಪಾಪ ವಂಚಕನದೇ. ಆದರೆ ಅವನಿಗೆ ಕಾವಲು ಕೂತವರು ನಾವು. ಆದ್ದರಿಂದ ಮನೆಯಲ್ಲಿ ಇಂತಹ ಸಂಗತಿ ಹೊರಬಿದ್ದರೆ ಮೊದಲು ಬೈಯಬೇಡಿರಿ. ಕೊಟ್ಟ ದಿನ, ಮೊತ್ತ, ಹೇಳಿದ ಮಾತುಗಳನ್ನು ಕೂಡಿ ಕುಳಿತು ಬರೆದಿಡಿರಿ. ಫೋನಿನಲ್ಲಿರುವ ಸಂದೇಶಗಳನ್ನೂ ಹಣ ಕಳಿಸಿದ ಗುರುತನ್ನೂ ಅಳಿಸದಿರಿ. ಹಣ ಈಚೆಗೆ ಫೋನಿನ ಮೂಲಕ ಹೋಗಿದ್ದರೆ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ಕೂಡಲೇ ತಿಳಿಸಿರಿ, ಪೊಲೀಸು ಠಾಣೆಯಲ್ಲಿ ದೂರು ಕೊಡಿರಿ. ಮೊದಲನೆಯವನ ಮಾಟವನ್ನು ತೆಗೆಯುವೆನೆಂದು, ಹೋದ ಹಣವನ್ನು ತರಿಸುವೆನೆಂದು ಎರಡನೆಯವನು ಬಂದೇ ಬರುತ್ತಾನೆ. ಅವನಿಗೆ ಬಾಗಿಲು ತೆರೆಯಬೇಡಿರಿ.

ಹೋದ ಹಣ ಬಹಳ ಸಲ ಮರಳುವುದಿಲ್ಲ. ಆದರೆ ನಿಲ್ಲಿಸಿದ ದಿನದಿಂದ ಮುಂದಿನ ಕಂತು ಉಳಿಯುತ್ತದೆ, ಯಜಮಾನರು ಆಸ್ಪತ್ರೆಗೆ ಹೋಗುತ್ತಾರೆ, ಓರಗಿತ್ತಿಯೊಡನೆ ಮಾತು ಮರಳಿ ಆರಂಭವಾಗುತ್ತದೆ. ಅರ್ಧಕ್ಕೆ ನಿಂತ ಕ್ರಿಯೆ ತಿರುಗುವುದೆಂಬ ಬೆದರಿಕೆಯ ಸುಳ್ಳು ಬಯಲಾಗುವುದು ನಿಲ್ಲಿಸಿದ ಮೇಲೆಯೇ.